ರಾತ್ರಿ ಆರಿಸುತ್ತಿದ್ದ ಸ್ವಿಚ್ಚು, ಅಳಿಯದೆ ಉಳಿದ ಕೆಂಪು ಪಟ್ಟಿ: ಮಂಡ್ಯದ ಒಂದು ಒಎಲ್‌ಇಡಿ ಟಿವಿಯ ಪ್ರಕರಣ

ಹಿನ್ನೆಲೆ

ಮಂಡ್ಯ ನಗರದ ಒಂದು ಮನೆ. ತಾಯಿ ಮತ್ತು ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಮೈಸೂರಿನಲ್ಲಿ ಕೆಲಸ, ಚಿಕ್ಕವನು ಇಂಜಿನಿಯರಿಂಗ್ ವಿದ್ಯಾರ್ಥಿ. ಗುರುತು ಹಿಡಿಯಬಹುದಾದ ವಿವರಗಳನ್ನು ಇಲ್ಲಿ ಬಿಟ್ಟಿದ್ದೇವೆ. ನಡುಮನೆಯಲ್ಲಿ 55 ಇಂಚಿನ ಒಎಲ್‌ಇಡಿ ಟಿವಿ, ಅದಕ್ಕೆ ಜೋಡಿಸಿದ ಆಟದ ಯಂತ್ರ ಪಿಎಸ್5. ಟಿವಿ ಕೊಂಡು ಒಂದೂವರೆ ವರ್ಷವಾಗಿತ್ತು. ಒಟ್ಟು ಬಳಕೆ 2700 ಗಂಟೆ ಎಂದು ಅದರ ಮಾಹಿತಿ ಪುಟ ತೋರಿಸುತ್ತಿತ್ತು. ಸಂಜೆ ತಾಯಿಯ ಧಾರಾವಾಹಿಗೆ ಒಂದೆರಡು ಗಂಟೆ ಹೋದರೆ ಉಳಿದದ್ದೆಲ್ಲ ಆಟಕ್ಕೆ. ಅದರಲ್ಲೂ ಹೆಚ್ಚಿನ ಪಾಲು ಒಂದೇ ಶೂಟಿಂಗ್ ಆಟದ್ದು.

ಆ ಆಟದ ಪರದೆಯಲ್ಲಿ ಮೂರು ಗುರುತುಗಳು ಸದಾ ಒಂದೇ ಜಾಗದಲ್ಲಿ ಇರುತ್ತವೆ. ಎಡ ಮೇಲ್ಮೂಲೆಯಲ್ಲಿ ಚಿಕ್ಕ ನಕ್ಷೆ, ಎಡ ಕೆಳಮೂಲೆಯಲ್ಲಿ ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ಕೆಂಪು ಪಟ್ಟಿ, ಬಲ ಕೆಳಮೂಲೆಯಲ್ಲಿ ಗುಂಡಿನ ಲೆಕ್ಕ ಹೇಳುವ ಬಿಳಿ ಅಂಕಿ. ಹಿಂದಿನ ದೃಶ್ಯ ಎಷ್ಟೇ ಬದಲಾದರೂ ಇವು ಕದಲುವುದಿಲ್ಲ. ನಡುಮನೆಯ ಕಿಟಕಿ ಪಶ್ಚಿಮಕ್ಕಿದ್ದು ಮಧ್ಯಾಹ್ನದ ನಂತರ ಬಿಸಿಲು ನೇರ ಒಳಗೆ ಬೀಳುತ್ತದೆ. ಹಾಗಾಗಿ ಟಿವಿಯ ಬೆಳಕಿನ ಸೆಟ್ಟಿಂಗ್ OLED Pixel Brightness ಕೊಂಡ ದಿನದಿಂದಲೂ ಗರಿಷ್ಠ ಮಟ್ಟವಾದ 100ರಲ್ಲೇ ಇತ್ತು. ಟಿವಿ ಕೂತಿದ್ದು ಮರದ ಶೋಕೇಸಿನ ಗೂಡಿನಲ್ಲಿ, ಮೇಲೆ ನಾಲ್ಕು ಬೆರಳಿನಷ್ಟು ಮಾತ್ರ ಜಾಗ.

ಟಿವಿ, ಪಿಎಸ್5, ಸೆಟ್‌ಟಾಪ್ ಬಾಕ್ಸ್ ಮೂರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿದ್ದವು. ಆ ಬೋರ್ಡಿಗೆ ಗೋಡೆಯಲ್ಲಿ ಒಂದೇ ಸ್ವಿಚ್ಚು. ಇದು ಮುಂದೆ ಮುಖ್ಯವಾಗುತ್ತದೆ.

ಕಂಡ ತೊಂದರೆ

ಮೊದಲು ಗಮನಿಸಿದ್ದು ದೊಡ್ಡ ಮಗ, ಕ್ರಿಕೆಟ್ ಪಂದ್ಯ ನೋಡುವಾಗ. ಹಸಿರು ಮೈದಾನ ಪರದೆ ತುಂಬ ಬಂದಾಗ ಬಲ ಕೆಳಮೂಲೆಯಲ್ಲಿ ಮಸುಕಾದ ಅಂಕಿಗಳ ಆಕಾರ ಕಾಣಿಸಿತು. ಮೇಲೆ ನಕ್ಷೆಯ ಚೌಕದ ಅಂಚೂ ತೆಳುವಾಗಿ ಕಂಡಿತು. ಕೆಂಪು ಜರ್ಸಿಯ ತಂಡವೊಂದರ ಆಟಗಾರನನ್ನು ಹತ್ತಿರದಿಂದ ತೋರಿಸಿದಾಗ ಎಡ ಕೆಳಗೆ ಒಂದು ಪಟ್ಟಿಯ ಅಗಲದಷ್ಟು ಕೆಂಪು ಕಂದಿ ಮಾಸಲಾಗಿತ್ತು.

ಅಂಗಡಿಯವರ ಉತ್ತರ ಚಿಕ್ಕದಾಗಿತ್ತು: ಪ್ಯಾನೆಲ್ ಹೋಗಿದೆ, ಬರ್ನ್‌ಇನ್‌ಗೆ ವಾರಂಟಿ ಬರುವುದಿಲ್ಲ, ಪ್ಯಾನೆಲ್ ಬದಲಿಸಿದರೆ ಹೆಚ್ಚುಕಡಿಮೆ ಹೊಸ ಟಿವಿಯ ದುಡ್ಡು. ವಾರಂಟಿಯ ಮಾತು ಸಾಮಾನ್ಯವಾಗಿ ನಿಜವೇ. ಬಹುತೇಕ ವಾರಂಟಿ ಪತ್ರಗಳಲ್ಲಿ ಒಂದೇ ಚಿತ್ರ ಹೊತ್ತುಗಟ್ಟಲೆ ನಿಲ್ಲಿಸಿದ್ದರಿಂದ ಬಂದ ಗುರುತನ್ನು ಹೊರಗಿಟ್ಟಿರುತ್ತಾರೆ. ಆದರೆ ಪರೀಕ್ಷೆ ಮಾಡದೆ ‘ಪ್ಯಾನೆಲ್ ಹೋಗಿದೆ’ ಎಂದದ್ದು ಅವಸರದ ತೀರ್ಮಾನ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಬೇರೆ ಬೇರೆ ಸಂಗತಿಗಳಿವೆ, ಅವುಗಳಲ್ಲಿ ಒಂದು ಹೋಗುತ್ತದೆ, ಇನ್ನೊಂದು ಹೋಗುವುದಿಲ್ಲ.

ಒಎಲ್‌ಇಡಿಯಲ್ಲಿ ಹಿಂದಿನಿಂದ ಬೆಳಕು ಬೀರುವ ದೀಪವಿಲ್ಲ, ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತದೆ. ಪಿಕ್ಸೆಲ್ಲಿಗೆ ಎಷ್ಟು ಕರೆಂಟು ಹೋಗಬೇಕೆಂದು ಅದರ ಹಿಂದಿನ ಟ್ರಾನ್ಸಿಸ್ಟರ್ ನಿರ್ಧರಿಸುತ್ತದೆ. ಒಂದೇ ಮಟ್ಟದಲ್ಲಿ ಗಂಟೆಗಟ್ಟಲೆ ಕೆಲಸ ಮಾಡಿದ ಟ್ರಾನ್ಸಿಸ್ಟರ್ ತನ್ನ ಹದದಿಂದ ಸ್ವಲ್ಪ ಸರಿಯುತ್ತದೆ. ಆಗ ಅಕ್ಕಪಕ್ಕದ ಪಿಕ್ಸೆಲ್‌ಗೂ ಇದಕ್ಕೂ ಬೆಳಕಿನಲ್ಲಿ ವ್ಯತ್ಯಾಸ ಬಂದು ಹಳೆಯ ಚಿತ್ರದ ನೆರಳು ಕಾಣುತ್ತದೆ. ಟಿವಿ ಅಳೆದು ಲೆಕ್ಕ ಸರಿಮಾಡಿಕೊಂಡರೆ ಈ ನೆರಳು ಹೋಗುತ್ತದೆ. ಬರ್ನ್‌ಇನ್ ಎಂದರೆ ಬೆಳಕು ಕೊಡುವ ಸಾವಯವ ಪದರವೇ ಸವೆದದ್ದು. ಅಲ್ಲಿ ಯಾವ ಚಿತ್ರವೂ ‘ಅಂಟಿಕೊಂಡಿಲ್ಲ’. ಆ ಜಾಗದ ಪಿಕ್ಸೆಲ್‌ಗಳು ನೆರೆಯವುಗಳಿಗಿಂತ ಹೆಚ್ಚು ದುಡಿದು, ಅದೇ ಕರೆಂಟಿಗೆ ಕಡಿಮೆ ಬೆಳಕು ಕೊಡುತ್ತಿವೆ, ಅಷ್ಟೆ. ಕಳೆದದ್ದನ್ನು ಮರಳಿ ತುಂಬುವ ದಾರಿ ಇಲ್ಲ.

ಮೊದಲು ಮಾಡಿದ್ದು

ಚಿಕ್ಕ ಮಗ ಕೈಗೆ ಸಿಕ್ಕ ಉಪಾಯವನ್ನೆಲ್ಲ ಮಾಡಿದ. ಬಣ್ಣ ಬದಲಾಗುತ್ತ ಮಿನುಗುವ ‘ಬರ್ನ್‌ಇನ್ ರಿಪೇರಿ’ ವಿಡಿಯೊ ಒಂದನ್ನು ರಾತ್ರಿಯಿಡೀ ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಓಡಿಸಿದ. ಗುರುತು ಹಾಗೇ ಇತ್ತು. ಆ ವಿಡಿಯೊ ಸವೆದ ಪಿಕ್ಸೆಲ್ಲನ್ನು ಬಿಟ್ಟು ಉಳಿದವನ್ನಷ್ಟೇ ಸವೆಸುವುದಿಲ್ಲ, ಎಲ್ಲವನ್ನೂ ಸಮನಾಗಿ ಸವೆಸುತ್ತದೆ. ವ್ಯತ್ಯಾಸ ಇದ್ದಲ್ಲೇ ಇರುತ್ತದೆ, ಪರದೆಯ ಆಯುಸ್ಸು ಮಾತ್ರ ಕರಗುತ್ತದೆ.

ಆಮೇಲೆ ಮೆನುವಿನಲ್ಲಿದ್ದ Pixel Cleaning ಒತ್ತಿದ. ಬೇರೆ ಕಂಪನಿಗಳ ಟಿವಿಯಲ್ಲಿ ಇದಕ್ಕೆ Pixel Refresh ಅಥವಾ Panel Refresh ಎಂಬ ಹೆಸರಿರುತ್ತದೆ. ಟಿವಿ ತನ್ನ ಪಿಕ್ಸೆಲ್ಲುಗಳನ್ನು ತಾನೇ ಅಳೆದು ತಿದ್ದಿಕೊಳ್ಳುವ, ಸುಮಾರು ಒಂದು ಗಂಟೆ ನಡೆಯುವ ದೊಡ್ಡ ಅಳತೆ ಇದು. ಒಂದೇ ವಾರದಲ್ಲಿ ಮತ್ತೆ ಮತ್ತೆ ಒತ್ತಿದರೂ ಏನೂ ಬದಲಾಗಲಿಲ್ಲ. ಒಮ್ಮೆ ನಡುವೆ ಕಪ್ಪು ಪರದೆಯಲ್ಲಿ ಒಂದು ಬಿಳಿ ಅಡ್ಡಗೆರೆ ಹಾದುಹೋದದ್ದನ್ನು ಕಂಡು ಗಾಬರಿಯಾಗಿ ಟಿವಿ ಹಾಕಿಬಿಟ್ಟ, ಅಳತೆ ಅಲ್ಲಿಗೇ ನಿಂತಿತು. ಕೆಲವು ಮಾದರಿಗಳಲ್ಲಿ ಆ ಗೆರೆ ಸಹಜ, ಕೆಟ್ಟದ್ದರ ಲಕ್ಷಣವಲ್ಲ.

ಗೆಳೆಯನೊಬ್ಬ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಸಲಹೆ ಕೊಟ್ಟಿದ್ದ. ದೃಶ್ಯ ಬಹಳ ಹೊತ್ತು ಬದಲಾಗದಿದ್ದರೆ ಟಿವಿ ತಾನಾಗಿ ಮಂಕಾಗುತ್ತದೆ, ಆಟದ ನಡುವೆ ಅದು ಕಿರಿಕಿರಿ. ಸರ್ವಿಸ್ ರಿಮೋಟಿನಿಂದ ಒಳ ಮೆನುವಿಗೆ ಹೋಗಿ ಆ ಮಂಕಾಗುವಿಕೆಯನ್ನೇ ತೆಗೆದುಹಾಕು ಎಂದ. ರಿಮೋಟು ಆರ್ಡರ್ ಮಾಡುವ ಮೊದಲು ಅಣ್ಣ ತಡೆದ. ಈ ಪ್ರಕರಣದಲ್ಲಿ ಟಿವಿಯನ್ನು ಉಳಿಸಿದ ಮೊದಲ ತೀರ್ಮಾನ ಇದೇ ಎನ್ನಬೇಕು. ನಿಂತ ಚಿತ್ರದ ಮೇಲೆ ಬೆಳಕು ಇಳಿಸುವ ಆ ಏರ್ಪಾಡು ಇರುವುದೇ ಪಾಸ್ ಒತ್ತಿ ಊಟಕ್ಕೆ ಎದ್ದುಹೋಗುವ ಹೊತ್ತಿಗಾಗಿ.

ಪರೀಕ್ಷೆ

ಅಣ್ಣ ಮೈಸೂರಿನಲ್ಲಿ ಪರಿಚಯವಿದ್ದ, ಟಿವಿ ಪ್ಯಾನೆಲ್ ಕೆಲಸ ಬಲ್ಲ ತಂತ್ರಜ್ಞರೊಬ್ಬರನ್ನು ಮನೆಗೆ ಕರೆಸಿದ. ಅವರು ಟಿವಿ ಬಿಚ್ಚಲಿಲ್ಲ. ಒಂದು ಪೆನ್‌ಡ್ರೈವ್‌ನಲ್ಲಿ ಪರದೆ ತುಂಬುವ ಏಕಬಣ್ಣದ ಚಿತ್ರಗಳನ್ನು ತಂದಿದ್ದರು. ಕಂಪ್ಯೂಟರಿನ ಯಾವುದೇ ಚಿತ್ರ ಬರೆಯುವ ಪ್ರೋಗ್ರಾಮಿನಲ್ಲಿ 3840×2160 ಅಳತೆಯಲ್ಲಿ ಇವನ್ನು ಮಾಡಿಕೊಳ್ಳಬಹುದು. ಕೆಂಪು, ಹಸಿರು, ನೀಲಿ ಮೂರಕ್ಕೂ 0ರಿಂದ 255ರೊಳಗಿನ ಒಂದೇ ಅಂಕಿ ಕೊಟ್ಟರೆ ಬೂದು ಬರುತ್ತದೆ: 13 ಕೊಟ್ಟರೆ 5 ಶೇಕಡಾ ಬೂದು, 26 ಕೊಟ್ಟರೆ 10, 51 ಕೊಟ್ಟರೆ 20, 128 ಕೊಟ್ಟರೆ 50. ಇವುಗಳ ಜೊತೆಗೆ ಶುದ್ಧ ಕೆಂಪು, ಶುದ್ಧ ಹಸಿರು, ಶುದ್ಧ ನೀಲಿ ಮತ್ತು ಬಿಳಿ.

ಕಿಟಕಿ ಮುಚ್ಚಿ, ದೀಪ ಆರಿಸಿ ಒಂದೊಂದಾಗಿ ನೋಡಿದರು. ಪ್ರತಿ ಚಿತ್ರವನ್ನೂ ಫೋನಿನ ಪ್ರೊ ಮೋಡಿನಲ್ಲಿ ಐಎಸ್‌ಒ, ಶಟರ್, ವೈಟ್ ಬ್ಯಾಲೆನ್ಸ್ ಎಲ್ಲವನ್ನೂ ಬದಲಾಗದಂತೆ ಇಟ್ಟು ಫೋಟೊ ತೆಗೆದರು. ಆಟೊ ಮೋಡಿನಲ್ಲಿ ಫೋನು ಪ್ರತಿ ಬಾರಿಯೂ ಬೆಳಕನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವುದರಿಂದ ತಿಂಗಳ ನಂತರ ಹೋಲಿಸಲು ಆ ಫೋಟೊ ಪ್ರಯೋಜನಕ್ಕೆ ಬರುವುದಿಲ್ಲ.

5 ಶೇಕಡಾ ಬೂದಿನಲ್ಲಿ ಮೇಲಿಂದ ಕೆಳಗೆ ತೆಳು ಪಟ್ಟೆಗಳು ಕಂಡವು. ಚಿಕ್ಕವನು ‘ಇದೂ ಬರ್ನ್‌ಇನ್ನಾ ಸಾರ್?’ ಎಂದು ಕೇಳಿದ. ಅಲ್ಲ. ಅಷ್ಟು ಮಂದ ಬೆಳಕಿನಲ್ಲಿ ಪಿಕ್ಸೆಲ್‌ಗಳ ನಡುವಿನ ಹುಟ್ಟು ವ್ಯತ್ಯಾಸ ಹೊಸ ಪ್ಯಾನೆಲ್ಲಿನಲ್ಲೂ ಕಾಣುತ್ತದೆ. ಬರ್ನ್‌ಇನ್ ಗುರುತಿಸುವುದು ಆಕಾರದಿಂದ. ಪರದೆಯ ಮೇಲೆ ನಿಂತಿದ್ದ ಒಂದು ವಸ್ತುವಿನ ಅಂಚಿಗೆ ಗುರುತು ಸರಿಯಾಗಿ ಕೂತರೆ ಮಾತ್ರ ಅನುಮಾನ ಪಡಬೇಕು. ಇಲ್ಲಿ ಮೂರೂ ಗುರುತುಗಳು ಆಟದ ಸ್ಕ್ರೀನ್‌ಶಾಟಿಗೆ ಅಂಚಿಗೆ ಅಂಚು ಹೊಂದಿದವು.

ಯಾವ ಬಣ್ಣದಲ್ಲಿ ಯಾವ ಗುರುತು ಕಾಣುತ್ತದೆ ಎಂಬುದೇ ಮುಂದಿನ ಸುಳಿವಾಯಿತು. ಇದು ಡಬ್ಲ್ಯೂಒಎಲ್‌ಇಡಿ ಪ್ಯಾನೆಲ್. ಇದರ ಪ್ರತಿ ಪಿಕ್ಸೆಲ್ಲಿನಲ್ಲಿ ಕೆಂಪು, ಹಸಿರು, ನೀಲಿಯ ಜೊತೆ ಬಿಳಿಯ ಒಂದು ಉಪಪಿಕ್ಸೆಲ್ ಇರುತ್ತದೆ. ನಾಲ್ಕರ ಹಿಂದೆಯೂ ಇರುವುದು ಬಿಳಿ ಬೆಳಕೇ; ಬಣ್ಣದ ಮೂರಕ್ಕೆ ಮಾತ್ರ ಮುಂದೆ ಫಿಲ್ಟರ್ ಇದೆ. ಬಿಳಿ ಅಂಕಿ ತೋರಿಸುವಾಗ ಹೆಚ್ಚಿನ ಕೆಲಸ ಬಿಳಿ ಉಪಪಿಕ್ಸೆಲ್ಲಿನದು. ಶುದ್ಧ ಕೆಂಪು ತೋರಿಸುವಾಗ ಬಿಳಿ ಉಪಪಿಕ್ಸೆಲ್ ಆರಿರುತ್ತದೆ, ಇಡೀ ಹೊರೆ ಕೆಂಪಿನ ಮೇಲೆ. ಕೆಂಪು ಫಿಲ್ಟರ್ ಬಿಳಿ ಬೆಳಕಿನ ಸ್ವಲ್ಪ ಪಾಲನ್ನಷ್ಟೇ ಹೊರಬಿಡುವುದರಿಂದ ಕಣ್ಣಿಗೆ ಬೇಕಾದಷ್ಟು ಕೆಂಪು ಕೊಡಲು ಅದನ್ನು ಜೋರಾಗಿ ಉರಿಸಬೇಕು. ಜೋರು ಹೆಚ್ಚಿದಂತೆ ಸವೆತ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಬೆಳಕು ಎರಡು ಪಟ್ಟಾದರೆ ಸವೆತ ಎರಡು ಪಟ್ಟಿಗಿಂತಲೂ ಮೇಲೆ ಹೋಗುತ್ತದೆ.

ನಕ್ಷೆ ಮತ್ತು ಅಂಕಿಯ ಗುರುತು ಬೂದು ಚಿತ್ರಗಳಲ್ಲಿ ಕಂಡು, ಶುದ್ಧ ಕೆಂಪು, ಹಸಿರು, ನೀಲಿಯಲ್ಲಿ ಕಾಣಲಿಲ್ಲ. ಪಟ್ಟಿಯ ಗುರುತು ಕೆಂಪು ಚಿತ್ರದಲ್ಲಿ ಎದ್ದು ಕಂಡಿತು, ಹಸಿರು ನೀಲಿಯಲ್ಲಿ ಮಾಯ. ಅಂದರೆ ಕೆಂಪು ಉಪಪಿಕ್ಸೆಲ್ಲಿನಲ್ಲಿ ನಿಜವಾದ ಸವೆತ ಇರುವ ಸಂಭವ ಹೆಚ್ಚು. ಉಳಿದೆರಡರ ಬಗ್ಗೆ ಟಿವಿ ತಾನೇ ಒಮ್ಮೆ ಅಳೆದುಕೊಳ್ಳುವವರೆಗೆ ಏನೂ ಹೇಳುವಂತಿರಲಿಲ್ಲ.

ತಿರುವು

ಇಷ್ಟು ಬಾರಿ Pixel Cleaning ಒತ್ತಿದರೂ ನೆರಳು ಚೂರೂ ಕದಲದಿರುವುದು ತಂತ್ರಜ್ಞರಿಗೆ ಸರಿಬರಲಿಲ್ಲ. ಇಂಥ ಪ್ಯಾನೆಲ್‌ಗಳಲ್ಲಿ ಒತ್ತುವ ಅಗತ್ಯವೇ ಇಲ್ಲದ ಇನ್ನೊಂದು ಸಣ್ಣ ಅಳತೆಯೂ ಇದೆ. ಒಟ್ಟು ನಾಲ್ಕು ಗಂಟೆ ಬಳಸಿದ ಮೇಲೆ ರಿಮೋಟಿನಿಂದ ಟಿವಿ ಆರಿಸಿದರೆ, ಸ್ಟ್ಯಾಂಡ್‌ಬೈನಲ್ಲಿ ಅದು ತಾನಾಗಿ ಹತ್ತು ನಿಮಿಷದಷ್ಟು ನಡೆಯುತ್ತದೆ. ಟ್ರಾನ್ಸಿಸ್ಟರುಗಳು ಸರಿದದ್ದನ್ನು ತಿದ್ದುವುದು ಇದೇ. ಅವರು ತಾಯಿಯನ್ನು ಕೇಳಿದರು: “ಅಮ್ಮಾ, ರಾತ್ರಿ ಟಿವಿ ಆರಿಸೋದು ಯಾರು?”

“ನಾನೇ ಕಣಪ್ಪ. ಇವನು ಆಡಿ ಎದ್ದ ತಕ್ಷಣ ಗೋಡೆ ಸ್ವಿಚ್ ಆರಿಸಿಬುಟ್ಟೇ ಮಲಗೋದು. ಗುಡುಗು ಸಿಡಿಲು ಬಂದ್ರೆ ಸುಟ್ಟೋಯ್ತದೆ ಅಂತ.”

ಒಂದೂವರೆ ವರ್ಷ ಸಣ್ಣ ಅಳತೆ ನಡೆದೇ ಇರಲಿಲ್ಲ. ಸುಮಾರು 2000 ಗಂಟೆಗೆ ತಾನಾಗಿ ನಡೆಯಬೇಕಿದ್ದ ದೊಡ್ಡದೂ ಅಷ್ಟೇ. ಮಗ ಮಲಗುವ ಮುನ್ನ Pixel Cleaning ಒತ್ತಿ ಕೋಣೆಗೆ ಹೋಗುತ್ತಿದ್ದ, ಐದು ನಿಮಿಷಕ್ಕೆ ತಾಯಿ ಬಂದು ಸ್ವಿಚ್ ಆರಿಸುತ್ತಿದ್ದರು. ತಾಯಿಯ ಎಚ್ಚರಿಕೆ ತಪ್ಪಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ತೆಗೆಯುವುದೇ ಸರಿ. ಹಳೆಯ ಟಿವಿಗಳಿಗೆ ಈ ರೂಢಿಯಿಂದ ಯಾವ ತೊಂದರೆಯೂ ಇರಲಿಲ್ಲ. ಒಎಲ್‌ಇಡಿಗೆ ಮಾತ್ರ ಆರಿದ ಮೇಲೂ ಸ್ವಲ್ಪ ಹೊತ್ತು ಕರೆಂಟು ಬೇಕು.

ತಂತ್ರಜ್ಞರು ಹೊಸ ರೂಢಿಯೊಂದನ್ನು ಹೇಳಿದರು. ಆಟ ಮುಗಿದ ಮೇಲೆ ರಿಮೋಟಿನಿಂದ ಆರಿಸಿ ಅರ್ಧ ಗಂಟೆ ಬಿಡಿ, ಆಮೇಲೆ ಬೇಕಾದರೆ ಗೋಡೆ ಸ್ವಿಚ್ ಆರಿಸಿ. ಕೆಲವು ಟಿವಿಗಳಲ್ಲಿ ಅಳತೆ ಶುರುವಾಗುವಾಗ ಮತ್ತು ಮುಗಿಯುವಾಗ ಒಳಗೆ ‘ಟಕ್’ ಎಂದು ರಿಲೇ ಸದ್ದು ಕೇಳುತ್ತದೆ, ಈ ಮನೆಯ ಟಿವಿಯಲ್ಲೂ ಕೇಳುತ್ತಿತ್ತು. ತಾಯಿಗೆ ಎರಡನೇ ಟಕ್ ಸದ್ದೇ ಸ್ವಿಚ್ ಆರಿಸುವ ಗುರುತಾಯಿತು. ರಾತ್ರಿ ಕರೆಂಟು ಹೋಗಿ ಅಳತೆ ಅರ್ಧಕ್ಕೆ ನಿಲ್ಲದಂತೆ ಬೋರ್ಡನ್ನು ಇನ್ವರ್ಟರ್ ಲೈನಿಗೆ ಬದಲಿಸಿದರು. ಗುಡುಗಿನ ಸೂಚನೆ ಇದ್ದ ರಾತ್ರಿ ಅಳತೆ ಬಿಟ್ಟು ಪ್ಲಗ್ ತೆಗೆಯುವುದು, ಮರುದಿನ ಆಡಿ ಆದ ಮೇಲೆ ಅದು ನಡೆಯಲಿ ಎಂದು ಬಿಡುವುದು.

ಏನಾಯಿತು

ಸಣ್ಣ ಅಳತೆ ಕೆಲವು ರಾತ್ರಿ ಪೂರ್ತಿ ನಡೆದ ಮೇಲೆ ಅದೇ ಚಿತ್ರಗಳನ್ನು ಅದೇ ಫೋಟೊ ಸೆಟ್ಟಿಂಗಿನಲ್ಲಿ ಮತ್ತೆ ನೋಡಿದರು. ನಕ್ಷೆಯ ಚೌಕ ಯಾವ ಬೂದಿನಲ್ಲೂ ಇರಲಿಲ್ಲ. ಅಂಕಿಗಳ ಆಕಾರ 20 ಶೇಕಡಾ ಬೂದಿನಲ್ಲಿ ಹುಡುಕಿದರೆ ಸಿಗುವಷ್ಟಕ್ಕೆ ಇಳಿದಿತ್ತು. ಕೆಂಪು ಪಟ್ಟಿ ಹಾಗೇ ಇತ್ತು.

ಆಗ ಒಂದೇ ಒಂದು ಬಾರಿ, ಮಧ್ಯಾಹ್ನದ ಹೊತ್ತು, ಯಾರೂ ರಿಮೋಟ್ ಮುಟ್ಟದಂತೆ ನೋಡಿಕೊಂಡು Pixel Cleaning ಅನ್ನು ಕೊನೆಯವರೆಗೆ ನಡೆಸಿದರು. ಅಂಕಿಗಳೂ ಹೋದವು. ಕೆಂಪು ಪಟ್ಟಿ ಸ್ವಲ್ಪ ತಿಳಿಯಾಯಿತು, ಅಳಿಯಲಿಲ್ಲ. ಸವೆದ ಪಿಕ್ಸೆಲ್ಲಿಗೆ ಹೆಚ್ಚು ಕರೆಂಟು ಕೊಟ್ಟು ನೆರೆಯವುಗಳ ಮಟ್ಟಕ್ಕೆ ತರುವುದಷ್ಟೇ ಈ ಅಳತೆಗೆ ಸಾಧ್ಯ, ಅದಕ್ಕೂ ಮಿತಿ ಇದೆ. ‘ಇನ್ನೊಮ್ಮೆ ಮಾಡಿದರೆ ಪೂರ್ತಿ ಹೋಗುತ್ತದಾ?’ ಎಂದು ಚಿಕ್ಕವನು ಕೇಳಿದ. ಬೇಡ ಎಂದರು ತಂತ್ರಜ್ಞರು. ಮತ್ತೆ ಮತ್ತೆ ಮಾಡಿದರೆ ಪ್ಯಾನೆಲ್ಲಿನ ಆಯುಸ್ಸಿಗೇ ಪೆಟ್ಟು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೇಡ ಎಂದು ತನ್ನ ಸೂಚನೆಯಲ್ಲೇ ಬರೆದಿರುವ ಕಂಪನಿಯೂ ಇದೆ.

ಮುಂದಿನ ಪ್ರಶ್ನೆ, ಆಟ ಬಿಡದೆ ಹೊಸ ಗುರುತು ಬಾರದಂತೆ ಮಾಡುವುದು ಹೇಗೆ? ಚಿಕ್ಕವನಿಗೆ ಗೊತ್ತಿದ್ದ ನಿಯಮ ‘ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು’. ಬಿಡುವಿನಿಂದ ತಾತ್ಕಾಲಿಕ ನೆರಳು ಕಟ್ಟಿಕೊಳ್ಳುವುದು ತಗ್ಗುತ್ತದೆ, ಪ್ಯಾನೆಲ್ ತಣಿಯುತ್ತದೆ. ಆದರೆ ಸವೆತಕ್ಕೆ ವಿಶ್ರಾಂತಿಯ ಲೆಕ್ಕವಿಲ್ಲ. ಒಂದೇ ದಿನ ಆರು ಗಂಟೆ ಉರಿದರೂ ಆರು ದಿನ ಒಂದೊಂದು ಗಂಟೆ ಉರಿದರೂ ಆ ಕೆಂಪು ಉಪಪಿಕ್ಸೆಲ್ ಉರಿದದ್ದು ಆರು ಗಂಟೆಯೇ. ಈ ಒಂದು ವಿಷಯ ಮನಸ್ಸಿಗೆ ಬಂದರೆ ಯಾವ ಸೆಟ್ಟಿಂಗ್ ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂದು ತಾನೇ ತಿಳಿಯುತ್ತದೆ: ಆ ಜಾಗದ ಬೆಳಕು ಇಳಿಯಬೇಕು, ಇಲ್ಲವೇ ಆ ಜಾಗದಲ್ಲಿ ಅದೇ ಬಣ್ಣ ನಿಲ್ಲುವ ಒಟ್ಟು ಹೊತ್ತು ಇಳಿಯಬೇಕು.

ಹಾಗಾಗಿ ಮೊದಲು ಕೈಹಾಕಿದ್ದು ಟಿವಿಗಲ್ಲ, ಆಟದ ಮೆನುವಿಗೆ. ಹೊಳಪಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಆಟಗಳಲ್ಲಿ ದೃಶ್ಯದ ಬೆಳಕು ಬೇರೆ, ಪರದೆಯ ಮೇಲಿನ ಗುರುತುಗಳ ಬೆಳಕು ಬೇರೆ ಇಡುವ ಅವಕಾಶ ಎಷ್ಟೋ ಕಡೆ ಇರುತ್ತದೆ. ಇಲ್ಲೂ ಇತ್ತು. ಗುರುತುಗಳ ಬೆಳಕನ್ನು ಅರ್ಧಕ್ಕೆ ಇಳಿಸಿ, ಪಾರದರ್ಶಕತೆ ಹೆಚ್ಚಿಸಿ, ಬಣ್ಣದ ಆಯ್ಕೆಯಲ್ಲಿ ಕೆಂಪು ಪಟ್ಟಿಯನ್ನು ಮಾಸಲು ಬೂದಿಗೆ ಬದಲಿಸಿದರು. ಬಣ್ಣ ಕಾಣದವರಿಗಾಗಿ ಇಟ್ಟಿರುವ ಮೆನುವಿನಲ್ಲಿ ಈ ಆಯ್ಕೆ ಸಿಗುತ್ತದೆ. ದೃಶ್ಯದ ಎಚ್‌ಡಿಆರ್ ಹೊಳಪು ಹಾಗೇ ಉಳಿಯಿತು, ಆಟದ ಸೊಗಸಿಗೆ ಕುಂದಿಲ್ಲ. ಇಡೀ ಟಿವಿಯ ಬೆಳಕು ಇಳಿಸುವುದಕ್ಕಿಂತ ಇದು ಎಷ್ಟೋ ಒಳ್ಳೆಯ ದಾರಿ.

ಟಿವಿಯಲ್ಲಿ ಧಾರಾವಾಹಿ, ಪಂದ್ಯಗಳ ಸಾಮಾನ್ಯ ಹೊಳಪಿನ, ಅಂದರೆ ಎಸ್‌ಡಿಆರ್ ಬೆಳಕನ್ನು 100ರಿಂದ 45ಕ್ಕೆ ತಂದರು. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿದ ಮೇಲೆ ತಾಯಿಗೆ ಅದು ಕಡಿಮೆ ಅನ್ನಿಸಲಿಲ್ಲ. ಒಂದೇ ಜಾಗದಲ್ಲಿ ನಿಲ್ಲುವ ಗುರುತಿನ ಬೆಳಕನ್ನು ಇಳಿಸುವ Adjust Logo Brightness ಅನ್ನು ಹೆಚ್ಚಿನ ಮಟ್ಟಕ್ಕೆ ಇಟ್ಟರು. Screen Move ಆನ್ ಆಗಿಯೇ ಇತ್ತು, ಹಾಗೇ ಬಿಟ್ಟರು. ಇದರ ಮೇಲೆ ಜನ ಇಡುವ ಭರವಸೆ ಹೆಚ್ಚಾಯಿತು. ಅದು ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಕೆಲವೇ ಪಿಕ್ಸೆಲ್ ಸರಿಸುತ್ತದೆ. ತೆಳು ಗೆರೆಯ ಅಂಚು ಅದರಿಂದ ಮೃದುವಾಗುತ್ತದೆ, ಬೆರಳಗಲದ ಪಟ್ಟಿಯ ನಡುಭಾಗಕ್ಕೆ ಏನೂ ಆಗುವುದಿಲ್ಲ.

ಪಿಎಸ್5ನ Power Saving ಮೆನುವಿನಲ್ಲಿ ಯಾರೂ ಕಂಟ್ರೋಲರ್ ಮುಟ್ಟದಿದ್ದಾಗ ರೆಸ್ಟ್ ಮೋಡಿಗೆ ಹೋಗುವ ಹೊತ್ತನ್ನು 20 ನಿಮಿಷಕ್ಕೆ ಇಳಿಸಿದರು. ಚಿಕ್ಕವನು ಪಾಸ್ ಮಾಡಿ ಊಟಕ್ಕೆ ಎದ್ದರೆ ಮುಕ್ಕಾಲು ಗಂಟೆ ಮೆನು ಪರದೆಯ ಮೇಲೆ ನಿಂತಿರುತ್ತಿತ್ತು, ಅದು ತಪ್ಪಿತು. ಶೋಕೇಸಿನ ಮೇಲಿನ ಹಲಗೆ ತೆಗೆದು ಸುತ್ತ 10 ಸೆಂಟಿಮೀಟರ್ ಜಾಗ ಬಿಟ್ಟರು. ಶಾಖ ಸವೆತವನ್ನು ಬೇಗ ಮಾಡುತ್ತದೆ, ಮಂಡ್ಯದ ಬೇಸಿಗೆಯಲ್ಲಿ ಗಾಳಿಯಾಡದ ಮರದ ಗೂಡು ಟಿವಿಗೆ ಹೊಂದುವ ಜಾಗವಲ್ಲ.

ಆರು ತಿಂಗಳ ನಂತರದ ಫೋಟೊಗಳಲ್ಲಿ ಬೂದು ಚಿತ್ರಗಳು ಶುಚಿಯಾಗಿವೆ. ಕೆಂಪು ಚಿತ್ರದಲ್ಲಿ ಹಳೆಯ ಪಟ್ಟಿ ಅಷ್ಟೇ ಇದೆ, ಬೆಳೆದಿಲ್ಲ. ಸಾಮಾನ್ಯ ನೋಟದಲ್ಲಿ ಕೆಂಪು ಬಟ್ಟೆ ಎಡ ಕೆಳಮೂಲೆಗೆ ಬಂದಾಗ ಮಾತ್ರ, ಗೊತ್ತಿರುವವರ ಕಣ್ಣಿಗೆ ಕಾಣುತ್ತದೆ. ಪ್ಯಾನೆಲ್ ಬದಲಿಸುವ ಮಾತು ಬಿಟ್ಟರು. ಆಟದ ಹೊತ್ತು ಕಡಿಮೆಯಾಗಿಲ್ಲ, ಆದರೆ ಚಿಕ್ಕವನು ಈಗ ಎರಡು ಮೂರು ಬೇರೆ ಬೇರೆ ಆಟ ಆಡುತ್ತಾನೆ. ಅವುಗಳ ಗುರುತುಗಳು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಸವೆತ ಒಂದೇ ಕಡೆ ಗುಡ್ಡೆಬೀಳದೆ ಹರಡಿಕೊಳ್ಳುತ್ತದೆ.

ಬೇರೆ ಪ್ಯಾನೆಲ್ಲಿಗೆ ಅನ್ವಯಿಸುವಾಗ

ಅರ್ಧ ಗಂಟೆ ಕರೆಂಟು ಬಿಡುವುದು, ಆಟದ ಗುರುತುಗಳ ಬೆಳಕು ಇಳಿಸುವುದು, ಗಾಳಿಗೆ ಜಾಗ ಬಿಡುವುದು ಎಲ್ಲ ಒಎಲ್‌ಇಡಿ ಟಿವಿಗೂ ಹೊಂದುತ್ತದೆ. ಬಣ್ಣದ ಚಿತ್ರಗಳನ್ನು ಓದುವ ಕ್ರಮ ಮಾತ್ರ ಬದಲಾಗುತ್ತದೆ. ಇನ್ನೊಂದು ಬಗೆಯಾದ ಕ್ಯೂಡಿ-ಒಎಲ್‌ಇಡಿ ಪ್ಯಾನೆಲ್ಲಿನಲ್ಲಿ ಬಿಳಿ ಉಪಪಿಕ್ಸೆಲ್ ಇಲ್ಲ, ಬಿಳಿ ಅಂಕಿ ಬೆಳಗಲು ಕೆಂಪು, ಹಸಿರು, ನೀಲಿ ಮೂರೂ ಒಟ್ಟಿಗೆ ಉರಿಯಬೇಕು. ಅಲ್ಲಿ ಬಿಳಿ ಅಂಕಿಯ ಗುರುತು ಶುದ್ಧ ಬಣ್ಣದ ಚಿತ್ರಗಳಲ್ಲೂ ಕಾಣಬಹುದು. ಅದನ್ನು ಕಂಡ ಕೂಡಲೇ ಕಾಯಂ ಸವೆತ ಎಂದು ಬರೆದುಕೊಳ್ಳದೆ, ಸಣ್ಣ ಅಳತೆ ಕೆಲವು ರಾತ್ರಿ ಪೂರ್ತಿ ನಡೆಯಲು ಬಿಟ್ಟು ಅದೇ ಸೆಟ್ಟಿಂಗಿನಲ್ಲಿ ಮತ್ತೊಮ್ಮೆ ಫೋಟೊ ತೆಗೆಯಬೇಕು. ಎರಡೂ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಅಂಗಡಿಗೆ ಫೋನು ಮಾಡಬೇಕು.